ಗೋ ಆಟದ ‘ಕೊ’ ನಿಯಮ: ಫಾರ್ವರ್ಡ್ ಹೇಳಿದ್ದು ಅರ್ಧ ಮಾತ್ರ

“ಗೋ ಆಟದಲ್ಲಿ ನಮ್ಮ ಕಾಯಿ ಹಿಡಿದವರನ್ನು ಮುಂದಿನ ನಡೆಯಲ್ಲೇ ತಿರುಗಿ ಹಿಡಿಯುವ ಹಾಗಿಲ್ಲವಂತೆ, ನಿಜವಾ?”

ಫಾರ್ವರ್ಡ್ ಆಗಿ ಬಂದ ಈ ಮಾತು ಪೂರ್ತಿ ನಿಜವಲ್ಲ. ಗೋ ಅಂದರೆ ಇಬ್ಬರು ಕಪ್ಪು, ಬಿಳಿ ಕಾಯಿಗಳನ್ನು ಹಲಗೆಯ ಗೆರೆಗಳು ಕೂಡುವ ಜಾಗಗಳಲ್ಲಿಟ್ಟು, ಎದುರಾಳಿಯ ಕಾಯಿಯನ್ನು ಸುತ್ತುವರಿದು ಹಿಡಿಯುವ ಆಟ. ಅದರ ‘ಕೊ’ ನಿಯಮದಲ್ಲಿ ನಿಷೇಧ ಇರುವುದು ತಿರುಗಿ ಹಿಡಿಯುವುದಕ್ಕಲ್ಲ, ಹಲಗೆ ಮತ್ತೆ ಹಿಂದಿನ ಸ್ಥಿತಿಗೇ ಬರುವುದಕ್ಕೆ.

ಒಂದು ಉದಾಹರಣೆ ನೋಡಿ, ಅಕ್ಷರ ಉದ್ದ ಗೆರೆಗೆ, ಅಂಕಿ ಅಡ್ಡ ಗೆರೆಗೆ. ಕಪ್ಪು ಕಾಯಿಗಳು D5, C4, D3ಯಲ್ಲಿವೆ, ಬಿಳಿ ಕಾಯಿಗಳು E5, F4, E3 ಮತ್ತು D4ನಲ್ಲಿವೆ. ಕಪ್ಪು E4ಗೆ ಇಟ್ಟರೆ D4ನ ಬಿಳಿ ಕಾಯಿಗೆ ಉಸಿರು, ಅಂದರೆ ಪಕ್ಕದಲ್ಲಿ ಖಾಲಿ ಜಾಗ, ಉಳಿಯುವುದಿಲ್ಲ, ಅದು ಹಲಗೆಯಿಂದ ಹೊರಗೆ. ಈಗ ಬಿಳಿ ತಕ್ಷಣ D4ಗೆ ಇಟ್ಟರೆ E4ನ ಕಪ್ಪು ಕಾಯಿ ಹೋಗುತ್ತದೆ, ಹಲಗೆ ಮೊದಲು ಹೇಗಿತ್ತೋ ಹಾಗೇ ಆಗಿಬಿಡುತ್ತದೆ, ಆಮೇಲೆ ಕಪ್ಪು, ಮತ್ತೆ ಬಿಳಿ, ಆಟ ಮುಗಿಯುವುದೇ ಇಲ್ಲ ಅಲ್ವಾ? ಈ ಸ್ಥಿತಿಗೇ ಕೊ ಅನ್ನುವುದು. ಅದಕ್ಕೇ ಬಿಳಿ ಮೊದಲು ಬೇರೆ ಕಡೆ ಒಂದು ನಡೆ ಆಡಬೇಕು. ಜಾಣರು ಸುಮ್ನೆ ಎಲ್ಲೋ ಇಡುವುದಿಲ್ಲ, ದೊಡ್ಡ ಬೆದರಿಕೆಯನ್ನೇ ಹಾಕುತ್ತಾರೆ. ಕಪ್ಪು ಅದಕ್ಕೆ ಉತ್ತರ ಕೊಟ್ಟರೆ ಬಿಳಿ D4ಗೆ ಬರಬಹುದು. ಕಪ್ಪು ಬೆದರಿಕೆಯನ್ನು ಬಿಟ್ಟು D4ನಲ್ಲಿ ತಾನೇ ಕಾಯಿ ಇಟ್ಟರೆ ಕೊ ಮುಗಿಯಿತು, ಆದರೆ ಬೇರೆ ಕಡೆ ನಷ್ಟ.

ಎದುರಾಳಿ ನಿಮ್ಮ ಒಂದು ಕಾಯಿ ಹಿಡಿದಾಗ, ಆ ಜಾಗಕ್ಕೇ ಮರಳಿ ಇಟ್ಟು ಅವರ ಎರಡು ಮೂರು ಕಾಯಿ ಒಟ್ಟಿಗೆ ತೆಗೆಯುವ ಸಂದರ್ಭವೂ ಬರುತ್ತದೆ. ಇದಕ್ಕೆ ಸ್ನ್ಯಾಪ್‌ಬ್ಯಾಕ್ ಅನ್ನುತ್ತಾರೆ. ಹಲಗೆ ಹಳೆಯ ಸ್ಥಿತಿಗೆ ಮರಳದ ಕಾರಣ ಇದನ್ನು ತಕ್ಷಣವೇ ಆಡಬಹುದು.

ಮೂರು ಕೊ ಒಟ್ಟಿಗೆ ಬಂದರೆ ಮಾತ್ರ ಈ ಸರಳ ನಿಯಮ ಸಾಲದು, ಸುತ್ತು ನಿಲ್ಲದೆ ಹೋಗಬಹುದು. ಜಪಾನಿ ನಿಯಮದಲ್ಲಿ ಇಬ್ಬರೂ ಒಪ್ಪಿದರೆ ಆ ಆಟಕ್ಕೆ ಫಲಿತಾಂಶವಿಲ್ಲ. ಸೂಪರ್‌ಕೊ ಇರುವ ನಿಯಮಗಳಲ್ಲಿ ಹಿಂದಿನ ಯಾವ ಸ್ಥಿತಿಯನ್ನೂ ಮರುಕಳಿಸುವಂತಿಲ್ಲ.