ಬೇಗ ಮುಗಿಸಿದವನಿಗೆ ಕಡಿಮೆ ದುಡ್ಡಾ?

ಮಧ್ಯಾಹ್ನದಿಂದ ಸಿಟ್ಟು ಇಳಿದಿಲ್ಲ. ನನ್ನ ಜೊತೆ ಆಗಾಗ ಕೆಲಸ ಮಾಡುವ ಹುಡುಗನೊಬ್ಬ ಒಂದು ಪತ್ರಿಕೆಯ 600 ಹಳೆಯ ಲೇಖನಗಳನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸಿ ವೆಬ್‌ಸೈಟಿಗೆ ಹಾಕಿಕೊಟ್ಟ. ಎರಡು ತಿಂಗಳು ಬೇಕು ಅಂದುಕೊಂಡಿದ್ದವರ ಕೈಗೆ ಎರಡೇ ವಾರದಲ್ಲಿ ಕೆಲಸ ಸೇರಿತು. ಅವರಿಗೆ ತುಂಬಾ ಖುಷಿ, ಗಂಟೆ ಲೆಕ್ಕದ ಬಿಲ್ಲೂ ಕಡಿಮೆ ಬಂತಲ್ಲ! ಹುಡುಗ ಫೋನ್ ಮಾಡಿ ಕೇಳಿದ: "ಅಕ್ಕಾ, ನಿಧಾನಕ್ಕೆ ಮಾಡಿದ್ರೆ ಜಾಸ್ತಿ ಸಿಗ್ತಿತ್ತಾ?"

ಸಿಗುತ್ತಿತ್ತು. ನನ್ನ ಸಿಟ್ಟೆಲ್ಲ ಅದಕ್ಕೇ.

ಲೆಕ್ಕ ನೋಡಿ. ಹೊಸಬರು ಒಂದೊಂದೇ ಲೇಖನ ತೆಗೆದು, ಬದಲಾಯಿಸಿ, ಕಣ್ಣಲ್ಲೇ ತಿದ್ದುತ್ತಾ ಹೋದರೆ ಒಂದಕ್ಕೆ ಕಾಲು ಗಂಟೆ. 600ಕ್ಕೆ 150 ಗಂಟೆ. ಗಂಟೆಗೆ 400 ರೂಪಾಯಿಯಂತೆ 60,000. ನಮ್ಮ ಹುಡುಗ ಈಗ ಗಂಟೆಗೆ 800 ತಗೊಳ್ತಾನೆ. ಆದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ತಾನೇ ಬರೆದ ಸ್ಕ್ರಿಪ್ಟ್ ಇದೆ, ತಪ್ಪು ಎಲ್ಲೆಲ್ಲಿ ಬರುತ್ತದೆ ಅಂತ ಗೊತ್ತಿದೆ. ಎಲ್ಲ ಸೇರಿ 45 ಗಂಟೆ ಹಿಡಿಯಿತು, ಅಂದರೆ 36,000. ರೇಟು ಎರಡು ಪಟ್ಟಾಗಿದೆ, ಕೈಗೆ ಬಂದದ್ದು ಮಾತ್ರ ಕಡಿಮೆ. ರೇಟು ಇನ್ನೂ ಏರಿಸಬಹುದಲ್ಲ ಅಂತೀರಾ? ಗಂಟೆಗೆ 1,400 ಅಂದ ತಕ್ಷಣ ಎದುರಿನವರು ಗಾಬರಿಯಾಗುತ್ತಾರೆ. ಇಡೀ ಕೆಲಸಕ್ಕೆ 65,000 ಅಂದರೆ ಅದೇ ಜನ ಕೂತು ಮಾತಾಡುತ್ತಾರೆ.

ಅವನ ಆ 45 ಗಂಟೆಯೊಳಗೆ ಏನೇನಿದೆ ಅಂತ ಗೊತ್ತಾಗಬೇಕು. ನುಡಿಯ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಆ ರಕಾರ ಮೊದಲು ಬರಬೇಕು. ಇದು ಸರಿಯಾಗಿದೆಯಾ ಅಂತ ನೋಡಲು 'ವರ್ಷ', 'ಅರ್ಥ', 'ಕರ್ನಾಟಕ' ಹುಡುಕಿದರೆ ಸಾಕು. ಇನ್ನೂ ದೊಡ್ಡ ತಲೆನೋವು ನಡುವೆ ಬರುವ ಇಂಗ್ಲಿಷ್ ಪದಗಳು. ಫಾಂಟಿನ ವಿವರ ಉಳಿದಿರುವ ಫೈಲ್ ಆದರೆ ಅವನ್ನು ಬೇರ್ಪಡಿಸಬಹುದು. ಬರೀ ಪಠ್ಯ ಮಾತ್ರ ಸಿಕ್ಕರೆ ಅವೂ ಕನ್ನಡಕ್ಕೆ ತಿರುಗಿ, ಅರ್ಥವಿಲ್ಲದ ಅಕ್ಷರಗಳಾಗಿ ಬಿದ್ದಿರುತ್ತವೆ. ಇದನ್ನೆಲ್ಲ ಕಲಿಯಲು ಅವನಿಗೆ ವರ್ಷಗಳೇ ಹಿಡಿದವು. ಆ ವರ್ಷಗಳು ಯಾವ ಟೈಮ್‌ಶೀಟಿನಲ್ಲೂ ಇಲ್ಲ.

"ಒಟ್ಟು ಮೊತ್ತ ಹೇಳಿಬಿಟ್ಟರೆ ಅಪಾಯ, ಕೆಲಸ ಬೆಳೆಯುತ್ತಾ ಹೋಗುತ್ತೆ" ಅನ್ನುವ ಗೆಳೆಯರಿದ್ದಾರೆ. ಬೆಳೆಯುತ್ತೆ, ನಿಜ. 65,000ಕ್ಕೆ ಒಪ್ಪಿಕೊಂಡ ಕೆಲಸ 82 ಗಂಟೆ ಮುಟ್ಟಿದರೆ ಮತ್ತೆ ಗಂಟೆಗೆ 800ರ ಕೆಳಗೇ ಬಂದೆವು. ಆದರೆ ಅದು ಮೊತ್ತದ ತಪ್ಪಲ್ಲ. ಏನು ಸೇರಿದೆ, ಏನು ಸೇರಿಲ್ಲ ಅಂತ ಬರೆಯದೆ ಹೋದರೆ ಹಾಗಾಗುತ್ತದೆ. ಮೊದಲು ಹಳೆಯ, ನಡುವಿನ, ಈಚಿನ ಸಂಚಿಕೆಗಳಿಂದ ಒಂದು 20 ಲೇಖನ ತೆಗೆದು ಮಾಡಿ ನೋಡಬೇಕು. ಆ ಪರೀಕ್ಷೆಗೂ ದುಡ್ಡು ತಗೊಳ್ಳಬೇಕು, ಅದು ಬೇಕಾದರೆ ಗಂಟೆ ಲೆಕ್ಕದಲ್ಲೇ ಇರಲಿ. ಒಂದೊಂದಕ್ಕೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ಒಟ್ಟು ಗಂಟೆ ಅಂದಾಜು ಮಾಡಿ, ಮೇಲೆ ಕಾಲು ಭಾಗ ಸೇರಿಸಬೇಕು. 45 ಗಂಟೆ ಅಂದಾಜಾದರೆ 56 ಅಂತ ಹಿಡಿಯುವುದು. 800ರಂತೆ ಅದು ಸುಮಾರು 45,000. ಅದಕ್ಕಿಂತ ಕಡಿಮೆಗೆ ಒಪ್ಪಲೇಬಾರದು. ಅಲ್ಲಿಂದ ಎಷ್ಟು ಮೇಲೆ ಹೋಗಬಹುದು ಅನ್ನುವುದು, ಬೇರೆ ದಾರಿ ಹಿಡಿದರೆ ಅವರಿಗೆ ಎಷ್ಟು ಖರ್ಚಾಗುತ್ತಿತ್ತು ಎನ್ನುವುದರ ಮೇಲೆ ನಿಂತಿದೆ. ಅವರು 60,000 ಕೊಟ್ಟು ಎರಡು ತಿಂಗಳು ಕಾಯುವವರಿದ್ದರು ಅಲ್ವಾ?

ಹೊಸಬರು ಮಾತ್ರ ಗಂಟೆ ಲೆಕ್ಕದಲ್ಲೇ ಇರಲಿ ಅಂತೀನಿ. ಅಂದಾಜು ಮಾಡಲು ಬೇಕಾದ ದಾಖಲೆಯೇ ಅವರ ಹತ್ತಿರ ಇರುವುದಿಲ್ಲ. ಸರ್ವರ್ ಕೆಟ್ಟಿದೆ, ಕಾರಣ ಗೊತ್ತಿಲ್ಲ ಅನ್ನುವಂಥ ಕೆಲಸಕ್ಕೂ ಗಂಟೆಯೇ ಸರಿ. ಒಟ್ಟು ಮೊತ್ತಕ್ಕೆ ಬಂದ ಮೇಲೂ ಸಮಯ ಬರೆದಿಡುವುದನ್ನು ಬಿಡಬಾರದು. ಅದನ್ನು ಕ್ಲೈಂಟಿಗೆ ತೋರಿಸಬೇಕಿಲ್ಲ. ಮುಂದಿನ ಕೊಟೇಶನ್ ಅದರ ಮೇಲೇ ನಿಲ್ಲುತ್ತದೆ.

ಅದೇ ಪತ್ರಿಕೆಯವರು ಇನ್ನೊಂದು ಕಂತು ಕೊಡುತ್ತಾರಂತೆ. ಸಂಜೆ ಇಬ್ಬರೂ ಕೂತು ಕೊಟೇಶನ್ ಬರೆದೆವು. 600 ಲೇಖನ, ಎರಡು ಸುತ್ತಿನ ತಿದ್ದುಪಡಿ. ಸ್ಕ್ಯಾನ್ ಆದ ಪುಟಗಳ ಟೈಪಿಂಗ್, ಕೋಷ್ಟಕಗಳು, ಫೋಟೋ ಹುಡುಕುವುದು ಇದರಲ್ಲಿ ಸೇರಿಲ್ಲ, ಬೇಕಾದರೆ ಬೇರೆ ದರ. ಶೇ. 40 ಮುಂಗಡ, ಮೊದಲ 100 ಲೇಖನ ಒಪ್ಪಿದ ಮೇಲೆ ಶೇ. 30, ಉಳಿದದ್ದು ಕೊನೆಗೆ. ಮೊತ್ತ 65,000. ಎಷ್ಟು ಗಂಟೆ ಅಂತ ಎಲ್ಲೂ ಬರೆದಿಲ್ಲ. ಅವನು ಕಳಿಸುವಾಗ 60,000 ಮಾಡೋಣ್ವಾ ಅಂದ. ಬೇಡ ಅಂದೆ.