ಕೊನೇ ದಿನದವರೆಗೂ ಶಟರ್ ಎಳೀಲಿಲ್ಲವಂತೆ, ಚಪ್ಪಾಳೆ!

ನಿನ್ನೆ ಸಂಜೆ ನಮ್ಮ ಸಣ್ಣ ಕೈಗಾರಿಕೆಯವರದ್ದೊಂದು ಕಾರ್ಯಕ್ರಮ. ಒಬ್ಬರಿಗೆ ಸನ್ಮಾನ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಆಯ್ತು. ಅವರ ಕಂಪನಿ ದಿವಾಳಿ ಕೇಸ್ ನೋಡೋ ಟ್ರಿಬ್ಯುನಲ್ಲು, ಎನ್‌ಸಿಎಲ್‌ಟಿಗೆ ಹೋಗಿ ಮುಳುಗಿ ಈಗ ಬೇರೆಯವರ ಕೈ ಸೇರಿದೆ. ಮೈಕ್ ಹಿಡಿದು ಗದ್ಗದಿತರಾಗಿ "ಕೈಯಲ್ಲಿ ಒಂದು ರೂಪಾಯಿ ಇರ್ಲಿಲ್ಲ, ಆದ್ರೂ ಹತ್ತು ತಿಂಗಳು ನಡೆಸಿದೆ, ಕೊನೇ ದಿನದವರೆಗೂ ಶಟರ್ ಎಳೀಲಿಲ್ಲ" ಅಂದ್ರು. ಹಾಲ್ ಪೂರ್ತಿ ಚಪ್ಪಾಳೆ.

ನನ್ನ ಪಕ್ಕದಲ್ಲಿ ಕೂತಿದ್ದವರು ಮಾತ್ರ ತಟ್ಟಲಿಲ್ಲ. ಅವರು ಆ ಕಂಪನಿಗೆ ಸ್ಟೀಲ್ ಶೀಟ್ ಸಪ್ಲೈ ಮಾಡ್ತಿದ್ದವರು, ಒಂಬತ್ತು ಲಕ್ಷ ಹೋಯ್ತು. ಕೈಲಿದ್ದ ಕಾಫಿ ಲೋಟ ನೋಡ್ತಾ ಮೆಲ್ಲಗೆ "ಕೈಯಲ್ಲಿ ರೂಪಾಯಿ ಇಲ್ದೆ ಹತ್ತು ತಿಂಗಳು ಯಾರ ದುಡ್ಡಲ್ಲಿ ನಡೀತು ಅಂತ ಯಾರಾದ್ರೂ ಕೇಳ್ತಾರಾ ನೋಡೋಣ" ಅಂದ್ರು.

ಯಾರೂ ಕೇಳ್ಲಿಲ್ಲ. ಅದಕ್ಕೇ ರಾತ್ರಿ ನಿದ್ದೆ ಬರ್ದೆ ಇದನ್ನ ಟೈಪ್ ಮಾಡ್ತಿದೀನಿ. ಉದ್ದ ಆಗುತ್ತೆ, ಬೇಡ ಅಂದೋರು ಸ್ಕ್ರೋಲ್ ಮಾಡ್ಕೊಳ್ಳಿ.

ನಮ್ಮ ಜನಕ್ಕೆ ಒಂದು ಮಂತ್ರ ಗೊತ್ತು: "ಪ್ರೈವೇಟ್ ಲಿಮಿಟೆಡ್ ಸ್ವಾಮಿ, ಕಂಪನಿ ಸಾಲ ನಮ್ಮ ಮೈಮೇಲೆ ಬರಲ್ಲ." ಕಂಪನಿ ಚೆನ್ನಾಗಿ ನಡೀತಿರೋ ತನಕ ಇದು ನಿಜ, ನೀಯತ್ತಾಗಿ ನಡೆಸಿ ಸೋತರೂ ನಿಜ. ಆದ್ರೆ ನಡುವೆ ಒಂದು ಕಾಲ ಬರುತ್ತೆ. ಕಂಪನಿ ಇನ್ನೂ ಬದುಕಿದೆ, ಮೆಷಿನ್ ತಿರುಗ್ತಿದೆ, ಆದ್ರೆ ಇದು ಉಳಿಯಲ್ಲ ಅಂತ ಲೆಕ್ಕ ನೋಡೋನಿಗೆ ಗೊತ್ತು. 2016ರ ದಿವಾಳಿ ಕಾನೂನು, ನಾವೆಲ್ಲ ಐಬಿಸಿ ಅನ್ನೋದು, ಅದರ 66ನೇ ಸೆಕ್ಷನ್ನಿನ ಎರಡನೇ ಉಪಕಲಂ ಹಿಡಿಯೋದು ಈ ಕಾಲವನ್ನೇ. ಎರಡು ವಿಷಯ ಸಾಬೀತಾಗ್ಬೇಕು. ದಿವಾಳಿ ಪ್ರಕ್ರಿಯೆ ಶುರುವಾಗೋದನ್ನ ತಪ್ಪಿಸೋ ನ್ಯಾಯವಾದ ಆಸೆ ಇಲ್ಲ ಅಂತ ಡೈರೆಕ್ಟರ್‌ಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು. ಗೊತ್ತಿದ್ಮೇಲೂ ಸಾಲ ಕೊಟ್ಟವರ ನಷ್ಟ ಕಮ್ಮಿ ಮಾಡೋಕೆ ತಕ್ಕ ಎಚ್ಚರ ವಹಿಸ್ಲಿಲ್ಲ. ಎರಡೂ ಸೇರಿದ್ರೆ ಟ್ರಿಬ್ಯುನಲ್ಲು "ನಿನ್ನ ಸ್ವಂತ ಜೇಬಿಂದ ಕಂಪನಿ ಆಸ್ತಿಗೆ ಇಷ್ಟು ತುಂಬು" ಅಂತ ಹೇಳ್ಬಹುದು. ಮೋಸದ ಉದ್ದೇಶ ಇರಲೇಬೇಕು ಅಂತಿಲ್ಲ, ಮೋಸಕ್ಕೆ ಅದರ ಮೇಲಿನ ಒಂದನೇ ಉಪಕಲಂ ಬೇರೆ ಇದೆ.

"ಗೊತ್ತಿರಬೇಕಿತ್ತು" ಅನ್ನೋ ಮಾತಿಗೆ ಸ್ವಲ್ಪ ನಿಲ್ಲಿ. ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಷ್ಟು ಕಂಪನಿಲಿ ಎರಡನೇ ಡೈರೆಕ್ಟರ್ ಹೆಂಡತಿ ಹೇಳಿ? ಆಡಿಟರ್ ಸ್ಟಿಕರ್ ಅಂಟಿಸಿ ಕಳಿಸಿದ ಕಡೆಯಲ್ಲೆಲ್ಲಾ ಅಡುಗೆಮನೆ ಕಟ್ಟೆ ಮೇಲಿಟ್ಟು ಸೈನ್ ಹಾಕೋದು. ನಾಳೆ "ನಂಗೇನೂ ಗೊತ್ತಿರ್ಲಿಲ್ಲ" ಅಂದ್ರೆ ಅಷ್ಟಕ್ಕೇ ಮುಗಿಯಲ್ಲ. ಆ ಡೈರೆಕ್ಟರ್ ಮಾಡ್ತಿದ್ದ ಕೆಲಸಕ್ಕೆ ತಕ್ಕಷ್ಟು ಎಚ್ಚರ ಇತ್ತಾ ಅಂತ ನೋಡ್ತಾರೆ. (ನಮ್ಮನೇಲೂ ಇದೇ ಕಥೆ ಇತ್ತು, ಅವಳು ಇದನ್ನ ಓದ್ತಾಳೆ, ಓದ್ಲಿ.)

ಈಗ ನಾನು ಹೇಳ್ಬೇಕಾಗಿರೋದು. ನಿನ್ನೆ ಅಷ್ಟು ಉರಿದಿದ್ದು ಯಾಕೆ ಅಂದ್ರೆ ಆ ಭಾಷಣ ನಾನೂ ಮಾಡಿದವನೇ. ವೇದಿಕೆ ಮೇಲಲ್ಲ, ಕನ್ನಡಿ ಮುಂದೆ.

2014ರಲ್ಲಿ, ಸ್ಟೀಲ್ ಶೀಟ್ ಒತ್ತಿ ಪಾರ್ಟ್ಸ್ ಮಾಡೋ ನಮ್ಮ ಪ್ರೆಸ್ ಶಾಪ್ ಮುಚ್ಚಿದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಕೊನೇ ಐದು ತಿಂಗಳು. ದೊಡ್ಡ ಪಾರ್ಟಿ ಆರ್ಡರ್ ಅರ್ಧಕ್ಕೆ ಇಳಿಸಿದ್ರು. ಜೂನ್ ಕೊನೇಲಿ ನಮ್ಮ ಅಕೌಂಟ್ಸ್ ಹುಡುಗ ಒಂದು ಲೆಕ್ಕದ ಶೀಟ್ ತಂದಿಟ್ಟ: ತಿಂಗಳಿಗೆ 11 ಲಕ್ಷ ಕೊರತೆ, ಹೊಸ ಆರ್ಡರ್ ಯಾವುದೂ ಇಲ್ಲ, ಸಪ್ಲೈಯರ್‌ಗಳಿಗೆ ಬಾಕಿ 35 ಲಕ್ಷ, ಬ್ಯಾಂಕಿನ ಸಿಸಿ, ಅಂದ್ರೆ ಕ್ಯಾಶ್ ಕ್ರೆಡಿಟ್ ಸಾಲ, 1 ಕೋಟಿ 40 ಲಕ್ಷ. "ಸಾರ್, ಇದು ಹೇಗೆ ಹಾಕಿದ್ರೂ ಕೂಡಲ್ಲ" ಅಂದ. ನಾನು ಶೀಟನ್ನ ಡ್ರಾಯರ್‌ಗೆ ಹಾಕಿ "ಗಣೇಶನ ಹಬ್ಬ ಕಳೀಲಿ" ಅಂದೆ. ಹಬ್ಬ ಕಳೀತು, ಆಮೇಲೆ ದಸರಾ, ಆಮೇಲೆ ದೀಪಾವಳಿ.

ನವೆಂಬರ್ ಕೊನೆಗೆ ಸಪ್ಲೈಯರ್ ಬಾಕಿ ಎಷ್ಟಾಗಿತ್ತು? 1 ಕೋಟಿ 10 ಲಕ್ಷ. ಐದು ತಿಂಗಳು, ತಿಂಗಳಿಗೆ 11, ಅಂದ್ರೆ 55 ಲಕ್ಷ. ಬಾಕಿ ಏರಿದ್ದು ಮಾತ್ರ 75. ಮಿಕ್ಕ 20 ಲಕ್ಷ ಎಲ್ಲೋಯ್ತು ಅಂದ್ರೆ, ಅಷ್ಟರಲ್ಲಿ ನನ್ನ ಸಿಸಿ 1 ಕೋಟಿ 20ಕ್ಕೆ ಇಳಿದಿತ್ತು. ಯಾಕಿಳೀತು? ಸಿಸಿಗೆ ನನ್ನ ಮನೆ ಅಡ ಇತ್ತು, ನನ್ನ ಪರ್ಸನಲ್ ಗ್ಯಾರಂಟಿ ಇತ್ತು. ಪಾರ್ಟಿ ಪೇಮೆಂಟ್ ಬಂದಾಗೆಲ್ಲ ಬ್ಯಾಂಕಿಗೆ ತುಂಬಿದೆ, ಶೀಟ್ ಕೊಟ್ಟವರಿಗೆ "ಮುಂದಿನ ವಾರ" ಅಂದೆ. ಆಗ ಹಾಗೆ ಯೋಚನೆ ಮಾಡ್ಲಿಲ್ಲ ಅಂತ ಹೇಳ್ಕೋಬಹುದು. ಸುಳ್ಳು. ರಾತ್ರಿ ಮಲಗಿದಾಗ ಮನೆ ಉಳಿಬೇಕು ಅಂತ್ಲೇ ಯೋಚಿಸ್ತಿದ್ದೆ.

ಆಗ ಐಬಿಸಿ ಇರ್ಲಿಲ್ಲ, ನಾನು ಬಚಾವ್. ಇವತ್ತಾಗಿದ್ರೆ ಇದು ಎರಡು ಬೇರೆ ಬೇರೆ ತಲೆನೋವು. ಆ 55 ಲಕ್ಷದ ಪ್ರಶ್ನೆ 66ರಲ್ಲಿ ಬರುತ್ತೆ: ಜೂನ್ ಕೊನೇಲಿ ಶೀಟ್ ನೋಡಿದ್ಮೇಲೆ ಗುಂಡಿ ಎಷ್ಟು ಆಳ ಆಯ್ತು? 20 ಲಕ್ಷದ ಪ್ರಶ್ನೆ 43ನೇ ಸೆಕ್ಷನ್ನಲ್ಲಿ: ಒಬ್ಬ ಸಾಲ ಕೊಟ್ಟವನಿಗೋ ಗ್ಯಾರಂಟಿ ಕೊಟ್ಟವನಿಗೋ ಉಳಿದವರಿಗಿಂತ ಮೇಲುಗೈ ಆಗೋ ಹಾಗೆ ಹಳೇ ಸಾಲಕ್ಕೆ ದುಡ್ಡು ತಿರುಗಿಸಿದ್ರಾ ಅಂತ ಹಿಂದಕ್ಕೆ ಹೋಗಿ ಕೆದಕ್ತಾರೆ. ಹೊರಗಿನವರಾದ್ರೆ ಒಂದು ವರ್ಷ ಹಿಂದೆ, ಸಂಬಂಧಪಟ್ಟವರಾದ್ರೆ ಎರಡು ವರ್ಷ. "ಸಿಸಿ ಅಕೌಂಟಿಗೆ ದುಡ್ಡು ಹಾಕೋದು ಮಾಮೂಲಿ ವ್ಯವಹಾರ ಅಲ್ವಾ" ಅಂತ ವಾದ ಮಾಡಬಹುದು, ಕಾನೂನಲ್ಲಿ ಆ ವಿನಾಯ್ತಿ ಇದೆ. ಆದ್ರೆ ಭಾಮೈದನ ಕೈಸಾಲ ಮೊದಲು ತೀರಿಸಿದವರಿಗೆ ಆ ವಾದ ಹೇಳೋದು ಕಷ್ಟ.

ಈಗ ನನ್ನ ಸ್ನೇಹಿತರೊಬ್ಬರು ಕಾಮೆಂಟಲ್ಲಿ ಬಂದೇ ಬರ್ತಾರೆ: "ಹೀಗೆಲ್ಲಾ ಹೆದರಿಸಿದ್ರೆ ಯಾರು ಬಿಸಿನೆಸ್ ಮಾಡ್ತಾರೆ? ಎಷ್ಟೋ ಕಂಪನಿ ಸಾಯೋ ಸ್ಥಿತಿಯಿಂದ ಎದ್ದು ಬಂದಿಲ್ವಾ? ಒಂದು ಕೆಟ್ಟ ತಿಂಗಳಿಗೆ ಶಟರ್ ಎಳೀಬೇಕಾ?" ಬೇಡ ಸ್ವಾಮಿ. ಕಾನೂನು ಶಟರ್ ಎಳಿ ಅಂತ ಎಲ್ಲಿ ಹೇಳಿದೆ? ನಡೆಸಿ. ಕೋವಿಡ್ ಟೈಮಲ್ಲಿ ಸರ್ಕಾರನೇ 2020ರ ಮಾರ್ಚ್ 25ರಿಂದ ಒಂದು ವರ್ಷದ ಡಿಫಾಲ್ಟ್‌ಗಳಿಗೆ ಹೊಸ ದಿವಾಳಿ ಕೇಸ್ ಬೇಡ ಅಂತ ತಡೀತು, ಆ ಡಿಫಾಲ್ಟ್ ಇಟ್ಕೊಂಡು ಡೈರೆಕ್ಟರ್ ಮೇಲೆ 66(2) ಅರ್ಜಿನೂ ಹಾಕೋ ಹಾಗಿಲ್ಲ ಅಂತ ಸೇರಿಸ್ತು. ಅಂದ್ರೆ ಕಷ್ಟ ಬಂದಿದ್ದು ತಪ್ಪಲ್ಲ ಅಂತ ಅವರಿಗೂ ಗೊತ್ತು. ಇಲ್ಲಿರೋ ಪ್ರಶ್ನೆ, ನಡೆಸೋವಾಗ ಹೊಸ ನಷ್ಟ ಯಾರ ತಲೆ ಮೇಲೆ ಹೋಗ್ತಿದೆ ಅನ್ನೋದು.

ನಾನು ಆ ಶೀಟ್ ಡ್ರಾಯರ್‌ಗೆ ಹಾಕೋ ಬದಲು ಏನು ಮಾಡ್ಬಹುದಿತ್ತು? ಮುಂದಿನ ಹದಿಮೂರು ವಾರ ಯಾವ ವಾರ ಎಷ್ಟು ಬರುತ್ತೆ ಎಷ್ಟು ಹೋಗುತ್ತೆ ಅಂತ ಬರೆದು, ಪ್ರತಿ ಸೋಮವಾರ ತಿದ್ದಬಹುದಿತ್ತು. ಹೊಸ ಸ್ಟೀಲ್ ಶೀಟು ನಗದಿಗೆ ಮಾತ್ರ, ಅಥವಾ ಜಾಬ್ ವರ್ಕ್ ಮಾಡಿ ಮೆಟೀರಿಯಲ್ ಪಾರ್ಟಿದೇ ತರಿಸ್ಕೊಬಹುದಿತ್ತು. ಬೋರ್ಡ್ ಮೀಟಿಂಗ್ ಮಿನಿಟ್ಸಲ್ಲಿ "ಈ ಎರಡು ಆರ್ಡರ್ ಸೆಪ್ಟೆಂಬರ್ 30ರೊಳಗೆ ಬರ್ಲಿಲ್ಲ ಅಂದ್ರೆ ನಿಲ್ಲಿಸ್ತೀವಿ" ಅಂತ ತಾರೀಖು ಹಾಕಿ ಬರೀಬಹುದಿತ್ತು. ಬ್ಯಾಂಕ್ ಮ್ಯಾನೇಜರ್ ಹತ್ರ ಹೋಗಿ ನಿಜ ಹೇಳ್ಬಹುದಿತ್ತು. ಇಷ್ಟು ಮಾಡಿಯೂ ಮುಳುಗಿದ್ರೆ ಎಚ್ಚರ ವಹಿಸ್ಲಿಲ್ಲ ಅಂತ ಹೇಳೋದು ಕಷ್ಟ. ಇದ್ಯಾವುದಕ್ಕೂ ದುಡ್ಡು ಬೇಡ, ನಾಲ್ಕು ಹಾಳೆ ಸಾಕಿತ್ತು.

"ಆಡಿಟರ್ ಹೇಳಿದ್ರು, ಲಾಯರ್ ಹೇಳಿದ್ರು, ಅದಕ್ಕೆ ನಡೆಸಿದೆ" ಅನ್ನೋದು ಇನ್ನೊಂದು ನೆಪ. ಇಂಗ್ಲೆಂಡಲ್ಲಿ ಬಿಎಚ್‌ಎಸ್ ಅಂತ ದೊಡ್ಡ ಅಂಗಡಿ ಸರಪಳಿ ಇತ್ತು, 2015ರಲ್ಲಿ ಒಂದು ಪೌಂಡಿಗೆ ಮಾರಾಟ ಆಯ್ತು, 2016ರಲ್ಲಿ ಮುಳುಗ್ತು, ಸುಮಾರು 11,000 ಜನರ ಕೆಲಸ ಹೋಯ್ತು. 2024ರ ಜೂನಲ್ಲಿ ಲಂಡನ್ನಿನ ಹೈಕೋರ್ಟ್ ಹಳೇ ಡೈರೆಕ್ಟರ್‌ಗಳಲ್ಲಿ ಇಬ್ಬರನ್ನ ಹೊಣೆ ಮಾಡ್ತು, ಆಸೆ ಮುಗಿದಿದ್ದು 2015ರ ಸೆಪ್ಟೆಂಬರ್ 8ಕ್ಕೆ ಅಂತ ದಿನವನ್ನೇ ಗುರುತು ಮಾಡಿತು. ಅವರ ಸುತ್ತ ಹೆಸರಾಂತ ಲಾಯರ್‌ಗಳು, ಅಕೌಂಟೆಂಟ್‌ಗಳು ಬೇಕಾದಷ್ಟಿದ್ರು. ಉಳಿಸ್ಲಿಲ್ಲ.

ಇನ್ನೊಂದು ಮಾತು, ನ್ಯಾಯವಾಗಿ ಹೇಳ್ಬೇಕು, ನಮ್ಮ ಕಾನೂನೂ ಶೀಟ್ ಕೊಟ್ಟವನಿಗೆ ಬೆಣ್ಣೆ ಹಾಕಲ್ಲ. ದಿವಾಳಿ ಕೇಸ್ ಹಾಕೋಕೆ ಬೇಕಾದ ಕನಿಷ್ಠ ಡಿಫಾಲ್ಟ್ 2020ರ ಮಾರ್ಚಲ್ಲಿ 1 ಲಕ್ಷದಿಂದ 1 ಕೋಟಿಗೆ ಏರಿತು, ಒಂಬತ್ತು ಲಕ್ಷದವರು ತಾವಾಗಿ ಕೇಸ್ ಶುರು ಮಾಡೋ ಹಾಗೇ ಇಲ್ಲ. ಬ್ಯಾಂಕು ಶುರು ಮಾಡಿದ್ರೆ ಇವರು ಫಾರ್ಮ್ ತುಂಬಿ ಕ್ಯೂನಲ್ಲಿ ನಿಲ್ಬೇಕು. 66ರ ಎರಡನೇ ಉಪಕಲಂನ ಅರ್ಜಿ ಹಾಕೋದು ದಿವಾಳಿ ಪ್ರಕ್ರಿಯೆ ನಡೆಸೋಕೆ ನೇಮಿಸಿದ ರೆಸಲ್ಯೂಷನ್ ಪ್ರೊಫೆಷನಲ್, ಇವರಲ್ಲ. ಡೈರೆಕ್ಟರ್ ಜೇಬಿಂದ ಬಂದ ದುಡ್ಡೂ ಕಂಪನಿ ಆಸ್ತಿಗೆ ಸೇರುತ್ತೆ, ನೇರ ಇವರ ಕೈಗಲ್ಲ. ಕಂಪನಿ ಆಸ್ತಿ ಮಾರಿ ಹಂಚೋ ಲಿಕ್ವಿಡೇಷನ್ ಆದ್ರೆ ಅಡ ಇಟ್ಕೊಂಡ ಬ್ಯಾಂಕು, ಕಾರ್ಮಿಕರು ಮುಂದೆ, ಇವರ ಸರದಿ ಬರೋದು ಬಹಳ ಕೆಳಗೆ. ನಿನ್ನೆ ಪಕ್ಕದಲ್ಲಿ ಕೂತಿದ್ದವರಿಗೆ ಬಂದಿದ್ದು ಸೊನ್ನೆ. ಅಂದ್ರೆ ಮುಳುಗಿದ್ಮೇಲೆ ಕಾನೂನು ಕೊಡೋದು ಕಮ್ಮಿ, ಉಳಿಸೋದು ಇದ್ರೆ ಆ ಹತ್ತು ತಿಂಗಳಲ್ಲೇ ಉಳಿಸ್ಬೇಕಿತ್ತು, ಉಳಿಸೋ ಅಧಿಕಾರ ಇದ್ದಿದ್ದು ಮೈಕ್ ಹಿಡಿದವರ ಕೈಲಿ ಮಾತ್ರ.

ನನ್ನ ಕೊನೇ ಲೋಡ್ ಹೇಳಿಬಿಡ್ತೀನಿ. ನವೆಂಬರ್ ಎರಡನೇ ವಾರ, ನಾಲ್ಕು ಟನ್ ಸಿಆರ್ ಶೀಟ್, ಎರಡು ಲಕ್ಷದ ಚಿಲ್ಲರೆ ಬಿಲ್ಲು. ಟೆಂಪೋ ಡ್ರೈವರ್ ಚಲನ್ ಮುಂದೆ ಹಿಡಿದ, ನಾನೇ ಸೀಲ್ ಹಾಕಿ ಸೈನ್ ಮಾಡಿದೆ, ಕೈ ನಡುಗ್ಲಿಲ್ಲ. ಅದೇ ಈಗ ನಾಚಿಕೆ ಅನ್ಸೋದು. ಕೊಟ್ಟವರು ವಯಸ್ಸಾದವರು, ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದೆ, ಡಿಸೆಂಬರಲ್ಲಿ ಫೋನ್ ಮಾಡಿ "ಸಾರ್, ಚೆಕ್ ಹಾಕ್ಲಾ?" ಅಂದ್ರು. "ಬೇಡ ಯಜಮಾನ್ರೇ, ಸ್ವಲ್ಪ ತಡೀರಿ" ಅಂದೆ. ಅವರು ತಡೆದ್ರು. ಬೌನ್ಸ್ ಕೇಸ್ ಹಾಕೋ ಟೈಮೂ ದಾಟಿ ಹೋಯ್ತು, ಅದೂ ಅವರು ತಡೆದಿದ್ದಕ್ಕೇ. ಆಮೇಲೆ ನಾನು ಸೈಟ್ ಮಾರಿದಾಗ ಅರ್ಧ ಕೊಟ್ಟೆ. ಮಿಕ್ಕ ಅರ್ಧ ಅವರು ಕೇಳ್ಲೇ ಇಲ್ಲ, ನಾನೂ ಜ್ಞಾಪಿಸ್ಲಿಲ್ಲ.

ನಿನ್ನೆ ಕಾರ್ಯಕ್ರಮ ಮುಗಿದು ಪಾರ್ಕಿಂಗ್‌ನಲ್ಲಿ ಪಕ್ಕದವರು ಸ್ಕೂಟರ್ ಸ್ಟಾರ್ಟ್ ಮಾಡ್ತಾ ಫೋನ್ ತೋರಿಸಿದ್ರು. ಶಾಲು ಹೊದ್ದವರ ಹೆಂಡತಿ ಹೆಸರಲ್ಲಿ ಹೊಸ ಕಂಪನಿ ಶುರುವಾಗಿದೆ, ಇವರಿಗೆ ಪಿಒ ಬಂದಿದೆ, ಆರು ಟನ್, ಮೂವತ್ತು ದಿನದ ಕ್ರೆಡಿಟ್.

"ಕೊಡ್ಲಾ?" ಅಂತ ನನ್ನನ್ನ ಕೇಳಿದ್ರು. ನಾನು, ನನ್ನಂಥವನು, ಏನು ಹೇಳ್ಲಿ? "ಅಡ್ವಾನ್ಸ್ ತಗೊಳ್ಳಿ" ಅಂದೆ.

"ಅಡ್ವಾನ್ಸ್ ಕೇಳಿದ್ರೆ ಬೇರೆಯವರ ಹತ್ರ ಹೋಗ್ತಾರೆ" ಅಂದ್ಕೊಂಡು ಹೆಲ್ಮೆಟ್ ಹಾಕ್ಕೊಂಡ್ರು.