ಒಂದೇ ಉತ್ತರವನ್ನು ಮೂರು ಕಡೆ ಅಂಟಿಸಬೇಡಿ

ಫೋನಿನ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜ್‌ಗೆ ಹಾಕಬೇಕು ಎಂದು ಯಾರೋ ಬರೆದಿದ್ದಾರೆ, ಅದನ್ನು ತಿದ್ದಬೇಕಾಗಿದೆ ಎಂದಿಟ್ಟುಕೊಳ್ಳಿ. ಈಗಿನ ಲಿಥಿಯಂ-ಅಯಾನ್ ಬ್ಯಾಟರಿಗೆ ಹಾಗೆ ಮಾಡುವ ಅಗತ್ಯವಿಲ್ಲ. ಪದೇ ಪದೇ ಶೂನ್ಯಕ್ಕಿಳಿಸಿದರೆ ಅದರ ಆಯಸ್ಸೇ ಕುಗ್ಗುತ್ತದೆ. ವಿಷಯ ಇಷ್ಟೇ ಆದರೂ ಇದನ್ನು ಎಕ್ಸ್‌ನಲ್ಲಿ, ಫೋರಂನಲ್ಲಿ ಮತ್ತು ಯೂಟ್ಯೂಬ್ ವಿಡಿಯೊದ ಕೆಳಗೆ ಒಂದೇ ರೂಪದಲ್ಲಿ ಅಂಟಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಓದುವವರು ಅಲ್ಲಿಗೆ ಬರುವ ದಾರಿಯೇ ಬೇರೆ ಬೇರೆ.

ಎಕ್ಸ್‌ನಲ್ಲಿ ಉಚಿತ ಖಾತೆಯ ಒಂದು ಪೋಸ್ಟಿನ ಮಿತಿ 280 ಕ್ಯಾರೆಕ್ಟರ್. ಕನ್ನಡದಲ್ಲಿ ಇದು ಕಾಣುವುದಕ್ಕಿಂತ ಬೇಗ ಮುಗಿಯುತ್ತದೆ, ಏಕೆಂದರೆ ವ್ಯಂಜನ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಸ್ವರಚಿಹ್ನೆಗಳೆಲ್ಲ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ: ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಹೋಗುತ್ತದೆ. ಪ್ರತಿ ಎಮೋಜಿಗೆ 2. ಜೊತೆಗೆ ನಿಮ್ಮ ಉತ್ತರವನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಹಂಚಿದರೆ ಮೂಲ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. ಆದ್ದರಿಂದ ‘ಇಲ್ಲ, ಅದು ತಪ್ಪು’ ಎಂದು ಶುರು ಮಾಡದೆ, ‘ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬೇಕಿಲ್ಲ; ಹಾಗೆ ಮಾಡುತ್ತಿದ್ದರೆ ಆಯಸ್ಸು ಕುಗ್ಗುತ್ತದೆ’ ಎಂದು ತನ್ನಷ್ಟಕ್ಕೆ ತಾನೇ ಅರ್ಥವಾಗುವ ವಾಕ್ಯ ಬರೆಯಬೇಕು. ಧ್ವನಿ ಕಟುವಾಗಿ ಕೇಳಿಸಬಹುದು ಎನಿಸಿದರೆ ಕೊನೆಯಲ್ಲಿ ಒಂದು 🙂 ಸಾಕು. ಸ್ಕ್ರೀನ್ ರೀಡರ್ ಬಳಸುವ ದೃಷ್ಟಿಹೀನರಿಗೆ ಎಮೋಜಿಗಳ ಹೆಸರುಗಳನ್ನು ಆ ತಂತ್ರಾಂಶ ಓದಿ ಹೇಳುತ್ತದೆ; ವಾಕ್ಯದ ನಡುವೆ ನಾಲ್ಕೈದು ತುರುಕಿದರೆ ಅವರಿಗೆ ಮಾತಿನ ಎಳೆಯೇ ತಪ್ಪಿಹೋಗುತ್ತದೆ.

ಫೋರಂನ ಉತ್ತರವನ್ನು ವರ್ಷಗಳ ನಂತರ ಗೂಗಲ್‌ನಲ್ಲಿ ಹುಡುಕಿ ಬಂದವರು ಓದುತ್ತಾರೆ. ಅಲ್ಲಿ ಉದ್ದಕ್ಕೆ ಹೆದರಬೇಕಿಲ್ಲ. ಖಾಲಿ ಮಾಡುವ ಸಲಹೆ ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು ಎಂಬ ಕಾರಣವನ್ನೂ, ಶೇಕಡಾವಾರು ಸೂಚಕ ತಪ್ಪು ತೋರಿಸುತ್ತಿದ್ದರೆ ಅದನ್ನು ಸರಿಪಡಿಸಲು ಅಪರೂಪಕ್ಕೊಮ್ಮೆ ಖಾಲಿ ಮಾಡುವುದುಂಟು ಎಂಬ ವಿನಾಯಿತಿಯನ್ನೂ ಬರೆಯದಿದ್ದರೆ ಉತ್ತರ ಅರ್ಧವೇ. ಇಂಥ ಕಡೆ ಪೂರ್ಣವಿರಾಮ, ಅಲ್ಪವಿರಾಮಗಳನ್ನು ಬಿಡಲೇಬಾರದು, ಎಮೋಜಿ ಬಹುತೇಕ ಬೇಡ. ರೆಡ್ಡಿಟ್‌ನಂತೆ ಮಾರ್ಕ್‌ಡೌನ್ ಎಂಬ ಚಿಹ್ನೆಗಳ ಬರವಣಿಗೆ ಕ್ರಮ ಬಳಸುವಲ್ಲಿ ಎಂಟರ್ ಒಮ್ಮೆ ಮಾತ್ರ ಒತ್ತಿದರೆ ಎರಡು ಸಾಲುಗಳು ಕೂಡಿಕೊಳ್ಳುತ್ತವೆ, ಪ್ಯಾರಾ ಬೇಕಾದರೆ ನಡುವೆ ಖಾಲಿ ಸಾಲು ಬಿಡಬೇಕು. ಸಾಲನ್ನು `#` ಚಿಹ್ನೆಯಿಂದ ಶುರು ಮಾಡಿದರೆ ಅದು ದಪ್ಪಕ್ಷರದ ಶೀರ್ಷಿಕೆಯಾಗಿ, ನೀವು ಕೂಗಾಡುತ್ತಿರುವಂತೆ ಕಾಣುತ್ತದೆ.

ವಿಡಿಯೊದ ಕೆಳಗೆ ಉದ್ದ ಕಾಮೆಂಟಿನ ಮೊದಲ ಕೆಲವು ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದು ಮಡಚಿಕೊಂಡಿರುತ್ತದೆ. ಹೊಗಳಿಕೆ, ನಮಸ್ಕಾರ, ಚಪ್ಪಾಳೆಯ ಎಮೋಜಿಗಳಿಂದಲೇ ಆ ಜಾಗ ತುಂಬಿದರೆ ತಿದ್ದುಪಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೆಚ್ಚುಗೆ ಹೇಳಲು ಎಮೋಜಿ ಧಾರಾಳವಾಗಿ ಬಳಸಲು ನನ್ನ ತಕರಾರಿಲ್ಲ, ಆದರೆ ತಿದ್ದುವಾಗ ಸಮಯವೇ ಮೊದಲು ಬರಲಿ: ‘4:35 ರ ಹೊತ್ತಿಗೆ ಹೇಳಿದ್ದು ಲಿಥಿಯಂ-ಅಯಾನ್ ಬ್ಯಾಟರಿಗೆ ಅನ್ವಯಿಸುವುದಿಲ್ಲ.’ ಸಮಯದ ಅಂಕಿಗಳ ನಂತರ ಹೀಗೆ ಒಂದು ಜಾಗ ಬಿಟ್ಟು ಬರೆಯುವುದು ಸುರಕ್ಷಿತ. `4:35` ಎಂದು ಬರೆದರೆ ಅದು ಕೊಂಡಿಯಾಗುತ್ತದೆ, ಒತ್ತಿದವರು ನೇರ ಆ ಮಾತಿಗೇ ಹೋಗುತ್ತಾರೆ. `4.35` ಎಂದು ಚುಕ್ಕೆ ಇಟ್ಟರೆ ಅವರೇ ಹುಡುಕಿಕೊಳ್ಳಬೇಕು.